ಒಂದೇ ರಾತ್ರಿ ಎರಡು ಸಲ ಒಂದೂ ಹತ್ತು: ಹೊರದೇಶದಲ್ಲಿ ಹುಟ್ಟಿದ ಮಗುವಿನ ಜಾತಕ ಬರೆಯುವ ಬಗೆ

ಉಡುಪಿಯ ರಥಬೀದಿ ಹತ್ತಿರದ ನನ್ನ ಮನೆಗೆ ಒಬ್ಬ ಅಜ್ಜಿ ಮೂರು ಕಾಗದ ಹಿಡಿದುಕೊಂಡು ಬಂದಿದ್ದರು. ಮೊಮ್ಮಗಳು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಆಸ್ಪತ್ರೆಯ ಚೀಟಿಯಲ್ಲಿ ಇದ್ದದ್ದು ಇಷ್ಟೇ: 2019 ನವೆಂಬರ್ 3, ರಾತ್ರಿ 1:10. ಉಳಿದ ಎರಡು ಕಾಗದ ಬೇರೆ ಬೇರೆ ಕಡೆ ಬರೆಸಿದ ಜಾತಕಗಳು. ಒಂದರಲ್ಲಿ ಧನು ರಾಶಿ, ಇನ್ನೊಂದರಲ್ಲಿ ಮಕರ ರಾಶಿ. ಲಗ್ನವೂ ಬೇರೆ.

"ಜೋಯಿಸ್ರೇ, ಮಗು ಒಂದೇ, ಹೊತ್ತೂ ಒಂದೇ. ಜಾತಕ ಹೇಗೆ ಎರಡಾಯ್ತು?" ಎಂದು ಕೇಳಿದರು.

ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಈ ಮಗುವಿನ ಹುಟ್ಟಿನಲ್ಲಿ ಹೊರದೇಶ, ನಡುರಾತ್ರಿ, ಗಡಿಯಾರ ಬದಲಾಗುವ ದಿನ ಮೂರೂ ಒಟ್ಟಿಗೆ ಬಂದಿವೆ. ಇದನ್ನು ಬಿಡಿಸಲು ತಿಳಿದರೆ ಉಳಿದವು ಸುಲಭ.

ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳಬೇಕು. ಜಾತಕದಲ್ಲಿ ಎರಡು ಜಾತಿಯ ಲೆಕ್ಕಗಳಿವೆ. ಚಂದ್ರ ಯಾವ ನಕ್ಷತ್ರದಲ್ಲಿದ್ದಾನೆ, ತಿಥಿ ಯಾವುದು, ಗ್ರಹಗಳು ಯಾವ ರಾಶಿಯಲ್ಲಿ ಎಂಬುದು ಇಡೀ ಭೂಮಿಗೆ ಒಂದೇ. ಒಂದು ಕ್ಷಣದಲ್ಲಿ ಚಂದ್ರ ಉತ್ತರಾಷಾಢದಲ್ಲಿದ್ದರೆ ಉಡುಪಿಗೂ ಅಲ್ಲೇ, ಸ್ಯಾನ್ ಹೋಸೆಗೂ ಅಲ್ಲೇ. ಅದಕ್ಕೆ ಬೇಕಾದ್ದು ಕ್ಷಣ ಮಾತ್ರ, ಊರು ಬೇಡ. ಲಗ್ನ, ಸೂರ್ಯೋದಯ, ಉದಯಾದಿ ಘಳಿಗೆ, ವಾರ ಇವು ಹಾಗಲ್ಲ. ಇವು ಮಗು ಹುಟ್ಟಿದ ನೆಲಕ್ಕೆ ಸೇರಿದವು. ಅಲ್ಲಿಯ ಪೂರ್ವ ದಿಗಂತದಲ್ಲಿ ಆಗ ಯಾವ ರಾಶಿ ಏಳುತ್ತಿತ್ತು, ಅಲ್ಲಿ ಸೂರ್ಯ ಯಾವಾಗ ಹುಟ್ಟಿದ್ದ ಎಂಬುದೇ ಅಲ್ಲಿ ಪ್ರಶ್ನೆ. ನಾನು ನೋಡಿದ ಹೆಚ್ಚಿನ ತಪ್ಪುಗಳು ಈ ಎರಡನ್ನು ಬೆರೆಸಿದ್ದರಿಂದ ಆದವು. ಕ್ಷಣವನ್ನು ಭಾರತದ ಗಂಟೆಗೆ ತಂದವರು ಊರನ್ನೂ ಉಡುಪಿ ಮಾಡಿಬಿಡುತ್ತಾರೆ. ಊರನ್ನು ಸರಿಯಾಗಿ ಹಾಕಿದವರು ಗಂಟೆಯನ್ನು ತಿರುಗಿಸಲು ಮರೆಯುತ್ತಾರೆ.

ಅಜ್ಜಿ ತಂದ ಧನು ರಾಶಿಯ ಜಾತಕದಲ್ಲಿ ಆದದ್ದು ಈ ಎರಡನೆಯದು. ಬರೆದವರು ನಮ್ಮ ಪಂಚಾಂಗದಲ್ಲಿ ನವೆಂಬರ್ 3ರ ರಾತ್ರಿ ಒಂದೂ ಹತ್ತನ್ನು ಹಾಗೆಯೇ ನೋಡಿದ್ದಾರೆ. ನಮ್ಮಲ್ಲಿ ಆ ಹೊತ್ತಿಗೆ ಚಂದ್ರ ಉತ್ತರಾಷಾಢದ ಒಂದನೇ ಪಾದದಲ್ಲಿದ್ದ, ಆ ಪಾದ ಧನು ರಾಶಿಗೆ ಸೇರಿದ್ದು. ಆದರೆ ಆಗ ಮಗು ಹುಟ್ಟಿಯೇ ಇರಲಿಲ್ಲ. ನಮ್ಮ ಊರಿನಲ್ಲಿ ರಾತ್ರಿ ಒಂದು ಗಂಟೆ ಆದಾಗ ಸ್ಯಾನ್ ಹೋಸೆಯಲ್ಲಿ ಹಿಂದಿನ ದಿನದ ಮಧ್ಯಾಹ್ನ.

ಹಾಗಾದರೆ ಎಷ್ಟು ಗಂಟೆ ಕೂಡಿಸಬೇಕು? ಭಾರತದ ಗಡಿಯಾರ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದೆ. ಕ್ಯಾಲಿಫೋರ್ನಿಯಾದ ಗಡಿಯಾರ ಚಳಿಗಾಲದಲ್ಲಿ ಗ್ರೀನಿಚ್ಚಿಗಿಂತ 8 ಗಂಟೆ ಹಿಂದೆ, ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಬೇಸಿಗೆ ಸಮಯ ನಡೆಯುವಾಗ 7 ಗಂಟೆ ಹಿಂದೆ. ಆದ್ದರಿಂದ ನಮಗೂ ಅವರಿಗೂ ಅಂತರ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆ ಸಮಯದಲ್ಲಿ ಹನ್ನೆರಡೂವರೆ ಗಂಟೆ. 2007ರಿಂದ ಅಮೆರಿಕದಲ್ಲಿ ಬೇಸಿಗೆ ಸಮಯ ಮಾರ್ಚಿನ ಎರಡನೇ ಆದಿತ್ಯವಾರ ಶುರುವಾಗಿ ನವೆಂಬರಿನ ಮೊದಲ ಆದಿತ್ಯವಾರ ಮುಗಿಯುತ್ತದೆ. 1987ರಿಂದ 2006ರವರೆಗೆ ಅದು ಏಪ್ರಿಲಿನ ಮೊದಲ ಆದಿತ್ಯವಾರದಿಂದ ಅಕ್ಟೋಬರಿನ ಕೊನೆಯ ಆದಿತ್ಯವಾರದವರೆಗೆ ಇತ್ತು. ಈಗಿನ ನಿಯಮವನ್ನು 1995ರಲ್ಲಿ ಹುಟ್ಟಿದವರಿಗೆ ಹಚ್ಚಿದರೆ ಕೆಲವು ವಾರಗಳಲ್ಲಿ ಒಂದು ಗಂಟೆ ತಪ್ಪುತ್ತದೆ. ಹುಟ್ಟಿದ ವರ್ಷದ ನಿಯಮವನ್ನೇ ನೋಡಬೇಕು.

2019ರಲ್ಲಿ ನವೆಂಬರಿನ ಮೊದಲ ಆದಿತ್ಯವಾರ ಎಂದರೆ 3ನೇ ತಾರೀಕು. ಮಗು ಹುಟ್ಟಿದ ರಾತ್ರಿಯೇ. ಗಡಿಯಾರ 2 ಗಂಟೆ ಮುಟ್ಟುತ್ತಿದ್ದಂತೆ ಅದನ್ನು ಮತ್ತೆ 1 ಗಂಟೆಗೆ ತಿರುಗಿಸುತ್ತಾರೆ. ಅಂದರೆ ಆ ರಾತ್ರಿ ಒಂದೂ ಹತ್ತು ಎರಡು ಸಲ ಬಂದಿತ್ತು. ಮೊದಲನೆಯದು ಬೇಸಿಗೆ ಸಮಯದ್ದು, ನಮ್ಮ ಮಧ್ಯಾಹ್ನ 1:40. ಎರಡನೆಯದು ಸರಿಯಾಗಿ ಒಂದು ಗಂಟೆ ತಡವಾಗಿ ಬಂದದ್ದು, ನಮ್ಮ ಮಧ್ಯಾಹ್ನ 2:40. ಚೀಟಿಯಲ್ಲಿ ಎರಡೂ 1:10 ಎಂದೇ ಬರೆಯಲಾಗುತ್ತದೆ. ಮಾರ್ಚಿನಲ್ಲಿ ಇದರ ತಿರುವುಮುರುವು. ಆ ರಾತ್ರಿ 2ರಿಂದ 3ರ ನಡುವಿನ ಗಂಟೆ ಇರುವುದೇ ಇಲ್ಲ, ಯಾರಾದರೂ ಎರಡೂವರೆಗೆ ಹುಟ್ಟಿದ್ದು ಎಂದರೆ ಚೀಟಿಯನ್ನೇ ಮತ್ತೆ ವಿಚಾರಿಸಬೇಕು.

ಕಂಪ್ಯೂಟರಿನಲ್ಲಿ ಜಾತಕ ಹಾಕುವವರು ಇಲ್ಲಿ ಎಚ್ಚರವಾಗಿರಬೇಕು. ಸಾಫ್ಟ್‌ವೇರ್ ಎರಡರಲ್ಲಿ ಒಂದನ್ನು ತಾನೇ ಹಿಡಿದುಕೊಂಡು ಉತ್ತರ ಕೊಟ್ಟುಬಿಡಬಹುದು, ಇನ್ನೊಂದು ಇತ್ತು ಎಂದು ಹೇಳದೆಯೂ ಹೋಗಬಹುದು.

ನಾನು ಅಜ್ಜಿಯನ್ನು ಕೇಳಿದೆ, "ಮಗು ಹುಟ್ಟಿದ ಸುದ್ದಿ ನಿಮಗೆ ಎಷ್ಟೊತ್ತಿಗೆ ಬಂತು ಅಮ್ಮ?" ಅವರು ಮೊಬೈಲ್ ತೆಗೆದು ಅಳಿಯನ ವಾಟ್ಸಾಪ್ ಸಂದೇಶವನ್ನು ಹುಡುಕಿದರು. ಬಟ್ಟೆಯಲ್ಲಿ ಸುತ್ತಿದ ಮಗುವಿನ ಫೋಟೋ, ಕೆಳಗೆ "ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ" ಎಂದಿತ್ತು. ಪಕ್ಕದಲ್ಲಿ ಹೊತ್ತು 1:58. ಅಜ್ಜಿಯ ಫೋನು ಇದ್ದದ್ದು ಉಡುಪಿಯಲ್ಲಿ, ತೋರಿಸುವುದು ನಮ್ಮ ಗಂಟೆಯನ್ನು. ಎರಡನೇ ಒಂದೂ ಹತ್ತು ಆಗಿದ್ದರೆ ಮಗು ಹುಟ್ಟಬೇಕಾದ್ದು 2:40ಕ್ಕೆ. ಹುಟ್ಟುವ ಮೊದಲೇ ಫೋಟೋ ಬರಲು ಸಾಧ್ಯವಿಲ್ಲ. ಆದ್ದರಿಂದ ಜನನ ನಮ್ಮ 1:40ಕ್ಕೆ, ಬೇಸಿಗೆ ಸಮಯದಲ್ಲಿ. ಇಂಥ ಸಾಕ್ಷಿ ಸಿಗದಿದ್ದರೆ ತಂದೆತಾಯಿಗೆ ಆಸ್ಪತ್ರೆಯ ದಾಖಲೆಯಲ್ಲಿ ಹೆರಿಗೆಯ ಹಿಂದುಮುಂದಿನ ಘಟನೆಗಳ ಕ್ರಮ ಕೇಳಲು ಹೇಳುತ್ತೇನೆ. ಅದೂ ಇಲ್ಲದಿದ್ದರೆ ಎರಡು ಕುಂಡಲಿಯನ್ನೂ ಬರೆದು ಕೊಡುತ್ತೇನೆಯೇ ಹೊರತು ಒಂದನ್ನು ಊಹಿಸುವುದಿಲ್ಲ.

ಇಷ್ಟು ಒದ್ದಾಟ ಒಂದು ಗಂಟೆಗಾಗಿ ಬೇಕೇ ಎಂದು ಕೇಳುವವರಿದ್ದಾರೆ. ಚಂದ್ರನಿಗೆ ಅಷ್ಟಾಗಿ ಬೇಡ. ಅಂದು ಚಂದ್ರ ಗಂಟೆಗೆ ಅರ್ಧ ಡಿಗ್ರಿಯಷ್ಟು ಚಲಿಸುತ್ತಿದ್ದ. 1:40ಕ್ಕೂ 2:40ಕ್ಕೂ ಅವನು ಮಕರ ರಾಶಿಯಲ್ಲೇ ಇದ್ದ, ಉತ್ತರಾಷಾಢದ ಮೂರನೇ ಪಾದದಲ್ಲೇ ಇದ್ದ. ನಾಮಾಕ್ಷರ ಎರಡರಲ್ಲೂ "ಜಾ". ಧನು ರಾಶಿಯ ಜಾತಕದವರು "ಬೇ" ಎಂದು ಕೊಟ್ಟಿದ್ದು ಒಂದನೇ ಪಾದ ಹಿಡಿದದ್ದರಿಂದ. ತಿಥಿಯೂ ಎರಡರಲ್ಲೂ ಶುಕ್ಲ ಸಪ್ತಮಿ. ಆದರೆ ಉತ್ತರಾಷಾಢಕ್ಕೆ ರವಿ ದಶೆ 6 ವರ್ಷ. ಹುಟ್ಟುವಾಗ ಉಳಿದ ದಶೆ ಒಂದು ಗಂಟೆಗೆ ಸುಮಾರು 84 ದಿನ ವ್ಯತ್ಯಾಸವಾಗುತ್ತದೆ, ಅದು ಮುಂದಿನ ಎಲ್ಲ ದಶೆಗಳ ತಾರೀಕನ್ನೂ ಅಷ್ಟೇ ಸರಿಸುತ್ತದೆ. ಇನ್ನು ಲಗ್ನವಂತೂ ರಾಶಿಯನ್ನೇ ಬದಲಿಸಿತು.

ಲಗ್ನದ ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡೋಣ. ನಮ್ಮ 1:40 ಎಂದರೆ 13:40, ಅದರಿಂದ 5:30 ಕಳೆದರೆ ಗ್ರೀನಿಚ್ ಸಮಯ 8:10. ನವೆಂಬರ್ 3ರ ಗ್ರೀನಿಚ್ ನಡುರಾತ್ರಿಗೆ ನಾಕ್ಷತ್ರಿಕ ಕಾಲ 2 ಗಂಟೆ 47 ನಿಮಿಷ 52 ಸೆಕೆಂಡ್, ಇದು ಎಫಿಮೆರಿಸ್ ಪುಸ್ತಕದಲ್ಲಿ ದಿನದಿನಕ್ಕೆ ಕೊಟ್ಟಿರುತ್ತದೆ. ಅದಕ್ಕೆ 8:10 ಕೂಡಿಸಬೇಕು. ನಕ್ಷತ್ರಗಳ ಗಡಿಯಾರ ನಮ್ಮದಕ್ಕಿಂತ ಗಂಟೆಗೆ ಹತ್ತು ಸೆಕೆಂಡಿನಷ್ಟು ಚುರುಕು, ಅದಕ್ಕಾಗಿ ಇನ್ನೂ 1 ನಿಮಿಷ 20 ಸೆಕೆಂಡ್. ಒಟ್ಟು 10 ಗಂಟೆ 59 ನಿಮಿಷ 12 ಸೆಕೆಂಡ್. ಇದು ಗ್ರೀನಿಚ್ಚಿನದು. ಸ್ಯಾನ್ ಹೋಸೆ ಅಲ್ಲಿಂದ ಪಶ್ಚಿಮಕ್ಕೆ 121 ಡಿಗ್ರಿ 53 ನಿಮಿಷ ರೇಖಾಂಶದಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ 8 ಗಂಟೆ 7 ನಿಮಿಷ 32 ಸೆಕೆಂಡ್. ಪಶ್ಚಿಮವಾದ್ದರಿಂದ ಕಳೆಯಬೇಕು. ಉಳಿದದ್ದು 2 ಗಂಟೆ 51 ನಿಮಿಷ 40 ಸೆಕೆಂಡ್. ಇದೇ ಊರಿನ ನಾಕ್ಷತ್ರಿಕ ಕಾಲ.

ಇಲ್ಲಿ ಒಂದು ಮಾತು ಗಮನಿಸಿ. ಕಳೆದದ್ದು ಊರಿನ ನಿಜವಾದ ರೇಖಾಂಶವನ್ನು, ಗಡಿಯಾರದ 7 ಗಂಟೆಯನ್ನಾಗಲಿ 8 ಗಂಟೆಯನ್ನಾಗಲಿ ಅಲ್ಲ. ಗಡಿಯಾರದ ವಲಯವು ಕ್ಷಣವನ್ನು ಗ್ರೀನಿಚ್ಚಿಗೆ ಒಯ್ಯುವ ತನಕ ಮಾತ್ರ ಬೇಕು, ಆಮೇಲೆ ಅದರ ಕೆಲಸ ಮುಗಿಯಿತು. ನಮ್ಮಲ್ಲೂ ಹಾಗೆಯೇ. ಭಾರತದ ಗಡಿಯಾರ 82 ಡಿಗ್ರಿ 30 ನಿಮಿಷ ರೇಖಾಂಶದ್ದು, ಉಡುಪಿ ಇರುವುದು 74 ಡಿಗ್ರಿ 45 ನಿಮಿಷದಲ್ಲಿ. ಸೂರ್ಯನ ಲೆಕ್ಕಕ್ಕೆ ನಾವು ಗಡಿಯಾರಕ್ಕಿಂತ 31 ನಿಮಿಷ ಹಿಂದೆ.

ಈ ನಾಕ್ಷತ್ರಿಕ ಕಾಲಕ್ಕೆ 37 ಡಿಗ್ರಿ 20 ನಿಮಿಷ ಉತ್ತರ ಅಕ್ಷಾಂಶದ ಲಗ್ನಕೋಷ್ಟಕ ನೋಡಿದರೆ ಸಾಯನ ಲಗ್ನ 141 ಡಿಗ್ರಿ 44 ನಿಮಿಷ. ಸಾಯನವನ್ನು ನಮ್ಮ ಪಂಚಾಂಗದ ರಾಶಿಗೆ ತರಲು ಕಳೆಯಬೇಕಾದ ಲಾಹಿರಿ ಅಯನಾಂಶ ಆಗ 24 ಡಿಗ್ರಿ 8 ನಿಮಿಷ. ಕಳೆದರೆ 117 ಡಿಗ್ರಿ 36 ನಿಮಿಷ, ಅಂದರೆ ಕರ್ಕಾಟಕದಲ್ಲಿ 27 ಡಿಗ್ರಿ 36 ನಿಮಿಷ. ಎರಡನೇ ಒಂದೂ ಹತ್ತಕ್ಕೆ ಇದೇ ಲೆಕ್ಕ ಮಾಡಿದರೆ ಸಿಂಹದಲ್ಲಿ 9 ಡಿಗ್ರಿ 44 ನಿಮಿಷ ಬರುತ್ತದೆ. ಕರ್ಕಾಟಕ ಲಗ್ನಕ್ಕೆ ಮಕರದ ಚಂದ್ರ ಏಳನೇ ಮನೆಯಲ್ಲಿ, ಸಿಂಹ ಲಗ್ನಕ್ಕೆ ಆರನೇ ಮನೆಯಲ್ಲಿ. ಓದುವ ಫಲ ಬೇರೆಯೇ ಆಗುತ್ತದೆ.

ಈ ಲೆಕ್ಕಕ್ಕೆ ಒಂದು ಮಿತಿಯೂ ಇದೆ. ಆ ಹೊತ್ತಿನಲ್ಲಿ ಲಗ್ನ ಒಂದು ಡಿಗ್ರಿ ದಾಟಲು ಐದು ನಿಮಿಷ ಹಿಡಿಯುತ್ತಿತ್ತು. ಕರ್ಕಾಟಕ ಮುಗಿಯಲು ಉಳಿದಿದ್ದದ್ದು ಎರಡೂವರೆ ಡಿಗ್ರಿಗಿಂತ ಕಡಿಮೆ, ಸುಮಾರು 12 ನಿಮಿಷ. ಹೆರಿಗೆ ಕೋಣೆಯ ಗಡಿಯಾರ ಅಷ್ಟು ಹಿಂದಿದ್ದರೆ ಅಥವಾ ಬರೆದವರು ಅಷ್ಟು ಮುಂಚಿನ ಹೊತ್ತು ಹಾಕಿದ್ದರೆ ಲಗ್ನ ಸಿಂಹಕ್ಕೆ ಹೋಗುತ್ತದೆ. ಆದ್ದರಿಂದ ಲಗ್ನ ಸಂಧಿಗೆ ಹತ್ತಿರ ಎಂದು ಜಾತಕದ ಮೇಲೆಯೇ ಬರೆದೆ.

ಅಜ್ಜಿಯ ಇನ್ನೊಂದು ಜಾತಕದಲ್ಲಿ ರಾಶಿ ಮಕರ, ನಕ್ಷತ್ರ ಪಾದ ಎಲ್ಲ ಸರಿಯಿತ್ತು. ಲಗ್ನ ಮಾತ್ರ ಮಕರ. ಬರೆದವರು ಗಂಟೆಯನ್ನು 1:40ಕ್ಕೆ ಸರಿಯಾಗಿಯೇ ತಂದಿದ್ದಾರೆ, ಆಮೇಲೆ ಉಡುಪಿಯ ಲಗ್ನವನ್ನು ತೆಗೆದಿದ್ದಾರೆ. ಅಂದು ಆ ಹೊತ್ತಿಗೆ ನಮ್ಮ ಪೂರ್ವದಲ್ಲಿ ಏಳುತ್ತಿದ್ದದ್ದು ಮಕರದ ಕಟ್ಟಕಡೆಯ ಭಾಗ.

ಇದು ತಪ್ಪು ಎಂದು ನನಗೆ ಕುಂಡಲಿ ನೋಡಿದ ಕೂಡಲೇ ತಿಳಿಯಿತು, ಗಣಿತ ಮಾಡುವ ಮೊದಲೇ. ಕಾರಣ ರವಿ. ಸೂರ್ಯ ಹುಟ್ಟುವಾಗ ರವಿ ಲಗ್ನದಲ್ಲಿ ಅಥವಾ ಅದರ ಅಕ್ಕಪಕ್ಕ ಇರುತ್ತಾನೆ, ನಡುಹಗಲಿಗೆ ಹತ್ತನೇ ಮನೆಯ ಆಸುಪಾಸು, ಮುಳುಗುವಾಗ ಏಳರಲ್ಲಿ, ನಡುರಾತ್ರಿಗೆ ನಾಲ್ಕರಲ್ಲಿ. ಅಂದು ರವಿ ತುಲಾ ರಾಶಿಯಲ್ಲಿದ್ದ. ಮಕರ ಲಗ್ನಕ್ಕೆ ತುಲಾ ಹತ್ತನೇ ಮನೆ. ನಡುರಾತ್ರಿ ಹುಟ್ಟಿದ ಮಗುವಿಗೆ ರವಿ ನೆತ್ತಿಯ ಮೇಲೆ ಇರುವುದು ಹೇಗೆ? ಕರ್ಕಾಟಕಕ್ಕೆ ತುಲಾ ನಾಲ್ಕನೇ ಮನೆ, ಅದು ಸರಿ. ಸ್ಯಾನ್ ಹೋಸೆಯ ಸ್ಥಳೀಯ ಕಾಲ ತೆಗೆದರೆ ಗ್ರೀನಿಚ್ 8:10ರಿಂದ 8 ಗಂಟೆ 7 ನಿಮಿಷ ಹೋಗಿ ನಡುರಾತ್ರಿ ದಾಟಿ ಎರಡು ನಿಮಿಷವಷ್ಟೇ ಆಗಿತ್ತು. ರೇಖಾಂಶದ ಪೂರ್ವ ಪಶ್ಚಿಮ ಅದಲುಬದಲಾಗಿದ್ದರೆ, ರಾತ್ರಿಯ ಬದಲು ಹಗಲಿನ ಗಂಟೆ ಹಾಕಿದ್ದರೆ ಈ ರವಿಯ ಪರೀಕ್ಷೆ ಹಿಡಿದುಕೊಡುತ್ತದೆ. ಬೇಸಿಗೆ ಸಮಯದ ಒಂದು ಗಂಟೆಯನ್ನು ಮಾತ್ರ ಇದು ಹಿಡಿಯದು. ಸಿಂಹ ಲಗ್ನಕ್ಕೆ ರವಿ ಮೂರರಲ್ಲಿ ಬರುತ್ತಾನೆ, ನಡುರಾತ್ರಿ ಕಳೆದ ಹೊತ್ತಿಗೆ ಅದೂ ಒಪ್ಪುವಂಥದ್ದೇ.

ಇನ್ನು ವಾರ. ಚೀಟಿಯ ತಾರೀಕಿನ ಪ್ರಕಾರ ಆದಿತ್ಯವಾರ. ನಮ್ಮಲ್ಲಿ ಆಗ ಆದಿತ್ಯವಾರದ ಮಧ್ಯಾಹ್ನ. ಎರಡೂ ಕಡೆ ಆದಿತ್ಯವಾರ ಎಂದಿರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಆದರೆ ಜಾತಕದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ, ಅದೂ ಹುಟ್ಟಿದ ಊರಿನ ಸೂರ್ಯೋದಯಕ್ಕೆ. ಸ್ಯಾನ್ ಹೋಸೆಯಲ್ಲಿ ಆದಿತ್ಯವಾರದ ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಆದ್ದರಿಂದ ಮಗುವಿನದು ಶನಿವಾರ. ಉದಯಾದಿ ಘಳಿಗೆಯನ್ನೂ ಅಲ್ಲಿಯ ಶನಿವಾರದ ಸೂರ್ಯೋದಯದಿಂದಲೇ ಎಣಿಸಬೇಕು. ಅಲ್ಲಿ ಅದು ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಆಗಿತ್ತು, ಅಲ್ಲಿಂದ ರಾತ್ರಿ ಒಂದೂ ಹತ್ತಕ್ಕೆ ಸುಮಾರು 44 ಘಳಿಗೆ. ಎರಡನೇ ಒಂದೂ ಹತ್ತಾಗಿದ್ದರೆ ಗಡಿಯಾರ ಕಳೆದು ಲೆಕ್ಕ ಹಾಕಿದವರಿಗೆ ಇಷ್ಟೇ ಬರುತ್ತಿತ್ತು, ನಿಜವಾಗಿ ಕಳೆದದ್ದು ಇನ್ನೂ ಎರಡೂವರೆ ಘಳಿಗೆ ಹೆಚ್ಚು. ಗಡಿಯಾರ ನಡುವೆ ಹಿಂದೆ ಹೋಗಿದೆ, ಸೂರ್ಯ ಹೋಗಿಲ್ಲ.

ರಾತ್ರಿ ಹುಟ್ಟಿದವರ ವಿಷಯದಲ್ಲಿ ನಮ್ಮ ಮಾತಿನ ರೂಢಿಯೂ ತೊಡಕು ಮಾಡುತ್ತದೆ. ಮನೆಯವರು "ಶನಿವಾರ ರಾತ್ರಿ ಒಂದು ಗಂಟೆಗೆ" ಎನ್ನುತ್ತಾರೆ. ಅದು ಸಂಪ್ರದಾಯಕ್ಕೆ ಸರಿಯಾದ ಮಾತೇ. ಆದರೆ ಅದನ್ನು ಕೇಳಿ ಶನಿವಾರದ ತಾರೀಕು 2ನ್ನು ಹಾಕಿದರೆ ಇಪ್ಪತ್ತನಾಲ್ಕು ಗಂಟೆ ಹಿಂದೆ ಹೋದಂತೆ, ಈ ಮಗುವಿನ ನಕ್ಷತ್ರ ಪೂರ್ವಾಷಾಢ ಆಗಿಬಿಡುತ್ತದೆ. ನಾನು ಯಾವಾಗಲೂ "ಆ ರಾತ್ರಿ ಕಳೆದು ಬೆಳಗಾದಾಗ ಕ್ಯಾಲೆಂಡರಿನಲ್ಲಿ ಯಾವ ತಾರೀಕು?" ಎಂದು ಕೇಳುತ್ತೇನೆ. ಅದಕ್ಕೆ ಯಾರೂ ತಡವರಿಸುವುದಿಲ್ಲ.

ಮಾತಿನ ನಡುವೆ ಅಜ್ಜಿ, ತನ್ನ ತಂಗಿಯ ಮಗ ನ್ಯೂಜಿಲೆಂಡಿನಲ್ಲಿದ್ದಾನೆ, ಅಲ್ಲಿ ದಿನವೇ ಮುಂದೆ ಅಂತಲ್ಲ ಎಂದರು. ಹೌದು, ದಿನಾಂಕ ರೇಖೆಯ ವಿಷಯ ಅದು. ಇದೇ ಕ್ಷಣವನ್ನೇ ಇಟ್ಟುಕೊಂಡು ನೋಡಿ. ಸ್ಯಾನ್ ಹೋಸೆಯ ಮಗು ಹುಟ್ಟಿದ ಹೊತ್ತಿಗೇ ಆಕ್ಲೆಂಡಿನಲ್ಲಿ ಒಂದು ಮಗು, ಹವಾಯಿಯ ಹೊನೊಲುಲುವಿನಲ್ಲಿ ಒಂದು ಮಗು ಹುಟ್ಟಿತು ಎಂದಿಟ್ಟುಕೊಳ್ಳಿ. ಆಕ್ಲೆಂಡಿನಲ್ಲಿ ನವೆಂಬರ್ ಎಂದರೆ ಬೇಸಿಗೆ ಸಮಯ, ಗ್ರೀನಿಚ್ಚಿಗಿಂತ 13 ಗಂಟೆ ಮುಂದೆ. ಚೀಟಿಯಲ್ಲಿ ನವೆಂಬರ್ 3, ರಾತ್ರಿ 9:10. ಹೊನೊಲುಲು 10 ಗಂಟೆ ಹಿಂದೆ, ಅಲ್ಲಿ ಬೇಸಿಗೆ ಸಮಯವೇ ಇಲ್ಲ. ಚೀಟಿಯಲ್ಲಿ ನವೆಂಬರ್ 2, ರಾತ್ರಿ 10:10. ಕಾಗದ ನೋಡಿದವರಿಗೆ ಹೆಚ್ಚುಕಡಿಮೆ ಒಂದು ದಿನದ ಅಂತರ. ಆಕಾಶಕ್ಕೆ ಅಂತರವೇ ಇಲ್ಲ. ಇಬ್ಬರಿಗೂ ಉತ್ತರಾಷಾಢ ಮೂರನೇ ಪಾದ, ಇಬ್ಬರಿಗೂ ಸಪ್ತಮಿ, ದಶೆಯ ಶೇಷವೂ ಒಂದೇ.

ವಾರ ಮಾತ್ರ ಬೇರೆ. ಆಕ್ಲೆಂಡಿನ ಮಗುವಿಗೆ ಆದಿತ್ಯವಾರ, ಹೊನೊಲುಲುವಿನ ಮಗುವಿಗೆ ಶನಿವಾರ. ಇದನ್ನು ತಪ್ಪೆಂದು ತಿಳಿದು ಸರಿಮಾಡಲು ಹೋಗಬಾರದು. ವಾರ ನೆಲಕ್ಕೆ ಸೇರಿದ ಎಣಿಕೆ, ಅಲ್ಲಿಯವರು ಬೆಳಗಾದದ್ದನ್ನು ಯಾವ ಹೆಸರಿನಿಂದ ಕರೆದರೋ ಅದೇ. ಲಗ್ನವೂ ಬೇರೆ, ಆಕ್ಲೆಂಡಿಗೆ ವೃಷಭ, ಹೊನೊಲುಲುವಿಗೆ ಮಿಥುನ. ಆಕ್ಲೆಂಡಿನ ಲಗ್ನ ತೆಗೆಯುವಾಗ ಅಕ್ಷಾಂಶ ದಕ್ಷಿಣದ್ದೆಂದು ನೆನಪಿರಲಿ. ಕೈಯಲ್ಲಿರುವುದು ಉತ್ತರದ ಕೋಷ್ಟಕವಾದರೆ ನಾಕ್ಷತ್ರಿಕ ಕಾಲಕ್ಕೆ 12 ಗಂಟೆ ಕೂಡಿಸಿ, ಬಂದ ಲಗ್ನಕ್ಕೆ ಏಳನೇ ರಾಶಿಯನ್ನು ಹಿಡಿಯಬೇಕು.

ರೇಖೆ ದಾಟುವಾಗ ಒಂದು ದಿನ ಕೂಡಿಸುವುದೋ ಕಳೆಯುವುದೋ ಎಂದು ತಲೆ ಕೆಡಿಸಿಕೊಳ್ಳುವವರಿಗೆ ನನ್ನ ಸಲಹೆ, ರೇಖೆಯನ್ನು ದಾಟಲೇಬೇಡಿ. ಚೀಟಿಯ ತಾರೀಕು ಗಂಟೆಯಿಂದ ನೇರ ಗ್ರೀನಿಚ್ಚಿಗೆ ಹೋಗಿ. ಆಕ್ಲೆಂಡಿನ 3ನೇ ತಾರೀಕು 21:10ರಿಂದ 13 ಕಳೆದರೂ, ಹೊನೊಲುಲುವಿನ 2ನೇ ತಾರೀಕು 22:10ಕ್ಕೆ 10 ಕೂಡಿಸಿದರೂ ಸಿಗುವುದು 3ನೇ ತಾರೀಕು 8:10 ಒಂದೇ. ಸಮೋವಾ ದೇಶದ ಸಂಗತಿಗೂ ಇದೇ ದಾರಿ. ಆ ದೇಶ 2011ರ ಡಿಸೆಂಬರ್ 29 ಮುಗಿಯುತ್ತಿದ್ದಂತೆ ರೇಖೆಯ ಆಚೆ ಬದಿಗೆ ಸೇರಿಕೊಂಡಿತು. ಗುರುವಾರ ಮಲಗಿದವರು ಎದ್ದದ್ದು ಶನಿವಾರ, 30ನೇ ತಾರೀಕು ಅಲ್ಲಿ ಇಲ್ಲವೇ ಇಲ್ಲ. ಚಂದ್ರ ಆ ರಾತ್ರಿಯೂ ತನ್ನ ಎಂದಿನ ನಡೆಯಲ್ಲೇ ನಡೆದ. 29ರವರೆಗೆ ಒಂದು ಅಂತರ, 31ರಿಂದ ಅದಕ್ಕೆ 24 ಗಂಟೆ ಸೇರಿಸಿದ ಅಂತರ ಹಿಡಿದರೆ ಲೆಕ್ಕ ಎಲ್ಲೂ ಮುರಿಯುವುದಿಲ್ಲ.

ನಮ್ಮ ಕರಾವಳಿಯವರು ಹೆಚ್ಚಾಗಿರುವ ಗಲ್ಫಿನಲ್ಲಿ ಇಷ್ಟು ಕಷ್ಟವಿಲ್ಲ. ದುಬೈ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್, ಬಹ್ರೇನ್ ಎರಡೂವರೆ ಗಂಟೆ ಹಿಂದೆ, ಬೇಸಿಗೆ ಸಮಯದ ಗೊಡವೆಯಿಲ್ಲ. ಆದರೆ ಊರಿನಲ್ಲೇ ಹುಟ್ಟಿದ ಹಿರಿಯರ ಜಾತಕಕ್ಕೂ ಗಡಿಯಾರ ಸರಿಸಿದ ಕಾಲವೊಂದಿದೆ. ಯುದ್ಧದ ಸಮಯದಲ್ಲಿ 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. 1943ರಲ್ಲಿ ಮಂಗಳೂರಿನ ಆಸ್ಪತ್ರೆಯಲ್ಲಿ ಹುಟ್ಟಿದವರ ಚೀಟಿ ಸಿಕ್ಕಿದರೆ ಒಂದು ಗಂಟೆ ಕಳೆಯಬೇಕು. ಮನೆಯಲ್ಲಿ ಹುಟ್ಟಿ ಸೂರ್ಯೋದಯದಿಂದ ಘಳಿಗೆ ಬರೆದಿಟ್ಟವರಿಗೆ ಏನೂ ಕಳೆಯಬೇಕಾಗಿಲ್ಲ.

ಅಜ್ಜಿಯ ಮೊಮ್ಮಗಳ ಜಾತಕದ ತಲೆಯಲ್ಲಿ ನಾನು ಹೀಗೆ ಬರೆದೆ: ಸ್ಯಾನ್ ಹೋಸೆ, ಉತ್ತರ 37 ಡಿಗ್ರಿ 20, ಪಶ್ಚಿಮ 121 ಡಿಗ್ರಿ 53. ಸ್ಥಳೀಯ ಗಡಿಯಾರ 2019 ನವೆಂಬರ್ 3, ರಾತ್ರಿ 1:10, ಬೇಸಿಗೆ ಸಮಯ, ಗ್ರೀನಿಚ್ಚಿಗಿಂತ 7 ಗಂಟೆ ಹಿಂದೆ. ಗ್ರೀನಿಚ್ 8:10. ಭಾರತದಲ್ಲಿ ಅದೇ ದಿನ ಮಧ್ಯಾಹ್ನ 1:40. ತುಲಾ ಮಾಸ, ಶುಕ್ಲ ಸಪ್ತಮಿ, ಸ್ಥಳೀಯ ಸೂರ್ಯೋದಯ ರೀತ್ಯಾ ಶನಿವಾರ, ಉತ್ತರಾಷಾಢ ಮೂರನೇ ಪಾದ, ಕರ್ಕಾಟಕ ಲಗ್ನ, ಸಂಧಿಗೆ ಹತ್ತಿರ. ಅಜ್ಜಿ ಅದನ್ನು ಮಡಚಿ ಚೀಲಕ್ಕೆ ಹಾಕಿದರು. ಹೋಗುವಾಗ ಬಾಗಿಲಲ್ಲಿ ನಿಂತು, ಹುಟ್ಟುಹಬ್ಬ ಶನಿವಾರದ ಲೆಕ್ಕವೋ ಆದಿತ್ಯವಾರದ್ದೋ ಎಂದು ಕೇಳಿದರು. ಎರಡೂ ಅಲ್ಲ, ಪ್ರತಿವರ್ಷ ತುಲಾ ಮಾಸದಲ್ಲಿ ಉತ್ತರಾಷಾಢ ಬಂದ ದಿನ, ಮಗು ಇರುವ ಊರಿನ ಪಂಚಾಂಗ ನೋಡಿ ಮಾಡಿ ಎಂದೆ.